‘ಪಗಾರ ಸಾಲ್ತೈತೇನ್ರಿ?’

ಮಾನ್ವಿ ಸೀಮೆಯ ಮಲ್ಲಟದಿಂದ ರಾಯಚೂರಿಗೆ ಸಂದರ್ಶನಕ್ಕೆ ಹೋಗುವವರು ಮುಂಜಾನೆಯ ಮೊದಲ ಬಸ್ಸನ್ನೇ ಹಿಡಿಯುತ್ತಾರೆ. ಕೈಯಲ್ಲಿ ಅಂಕಪಟ್ಟಿಗಳ ಪ್ಲಾಸ್ಟಿಕ್ ಫೈಲು, ಬಾಯಲ್ಲಿ ರಾತ್ರಿಯೆಲ್ಲ ಉರುಹೊಡೆದ ಒಂದು ವಾಕ್ಯ: ‘ನನಗೆ ಮೊದಲಿಂದಲೂ ಸಮಾಜಸೇವೆ ಅಂದರೆ ಆಸಕ್ತಿ.’ ಸ್ವಯಂಸೇವಾ ಸಂಸ್ಥೆಯ ಕಚೇರಿಯಲ್ಲಿ ಮೇಜಿನ ಆಚೆ ಕೂತ ಮೂವರು ಅದೇ ವಾಕ್ಯವನ್ನು ಬೆಳಗಿನಿಂದ ಅದೆಷ್ಟೋ ಸಲ ಕೇಳಿರುತ್ತಾರೆ. ತಲೆಯಾಡಿಸುತ್ತಾರೆ, ಹಾಳೆಯ ಮೇಲೆ ಏನನ್ನೂ ಬರೆದುಕೊಳ್ಳುವುದಿಲ್ಲ.

ಈ ಸಂದರ್ಶನಗಳಲ್ಲಿ ತಪ್ಪದೆ ಬರುವ ಪ್ರಶ್ನೆಗಳು ಮೂರು. ಈ ಕೆಲಸಕ್ಕೆ ಯಾಕೆ ಬಂದಿರಿ? ಇಷ್ಟು ಪಗಾರ ಸಾಲುತ್ತದೆಯೇ? ದೇವದುರ್ಗದ ಕಡೆಯ ಹಳ್ಳಿಗಳಲ್ಲಿ ತಿರುಗಾಡಲು ಆಗುತ್ತದೆಯೇ? ಕೇಳುವುದಕ್ಕೆ ಮೂರಾದರೂ ಒಳಗಿರುವ ಪ್ರಶ್ನೆ ಒಂದೇ: ನೀವು ಆರು ತಿಂಗಳಿಗೆ ಬಿಟ್ಟು ಹೋಗುವವರೋ, ಇರುವವರೋ? ಹಳ್ಳಿಯ ಹೆಣ್ಣುಮಕ್ಕಳು ಹೊಸ ಕಾರ್ಯಕರ್ತೆಯನ್ನು ಹೆಸರು ಹಿಡಿದು ಕರೆಯಲು ಶುರು ಮಾಡುವುದಕ್ಕೇ ಒಂದು ಸುಗ್ಗಿ ಕಳೆಯಬೇಕು. ಅಷ್ಟರಲ್ಲಿ ಅವಳು ರಾಜೀನಾಮೆ ಕೊಟ್ಟರೆ ಸಂಸ್ಥೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಊರಿನವರೂ ಅಷ್ಟೇ, ‘ಇನ್ನೊಬ್ಬಾಕಿ ಬಂದಾಳ, ಎಷ್ಟು ದಿನ ಇರ್ತಾಳೋ’ ಅಂದುಕೊಂಡು ಬಾಗಿಲು ಅರ್ಧ ಮಾತ್ರ ತೆರೆಯುತ್ತಾರೆ.

ಇಂಥ ಕೆಲಸಗಳಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ, ಅದಕ್ಕೆ ಕಾರಣವೂ ಉಂಟು. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಇಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳನ್ನು ಆರಿಸಿದಾಗ ಕರ್ನಾಟಕದಿಂದ ಪಟ್ಟಿಗೆ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ಪಟ್ಟಿ ಬರುವ ಎಷ್ಟೋ ವರ್ಷ ಮೊದಲೇ ಇಲ್ಲಿ ಕೆಲಸ ಆರಂಭಿಸಿದವರೂ ಇದ್ದಾರೆ. ‘ಸಮೂಹ’ ಸಂಸ್ಥೆ 1980ರ ದಶಕದಲ್ಲಿ ಕಾಲಿಟ್ಟಿದ್ದು ದೇವದುರ್ಗದ ಕಡೆಗೇ. ಮಾನ್ವಿ ಕಡೆಯ ಪೋತ್ನಾಳದಲ್ಲಿ ದಲಿತ ಕೂಲಿ ಮಹಿಳೆಯರು 1990ರ ದಶಕದ ಕೊನೆಯಲ್ಲಿ ಜಾಗೃತ ಮಹಿಳಾ ಸಂಘಟನೆ ಕಟ್ಟಿಕೊಂಡು ಕೂಲಿ, ದೌರ್ಜನ್ಯ, ಮಕ್ಕಳ ಓದು ಎಂದು ಹೋರಾಡುತ್ತಲೇ ಸುಟ್ಟ ಮಣ್ಣಿನ ಆಭರಣ ಮಾಡಿ ಮಾರುವುದನ್ನೂ ಕಲಿತರು. ಪೋತ್ನಾಳದ ಆ ಹೆಣ್ಣುಮಕ್ಕಳನ್ನು ಯಾರೂ ‘ಯಾಕೆ ಬಂದಿರಿ’ ಎಂದು ಕೇಳುವ ಹಾಗಿರಲಿಲ್ಲ, ಅವರು ಎಲ್ಲಿಂದಲೂ ಬಂದವರಲ್ಲ. ಪಗಾರದ ಕಾರ್ಯಕರ್ತರಿಗೆ ಮಾತ್ರ ಆ ಪ್ರಶ್ನೆ ತಪ್ಪಿದ್ದಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹುಡುಗಿ ಕಲ್ಪಿತ, ಪರಿಸ್ಥಿತಿ ಮಾತ್ರ ಈ ಭಾಗದವರಿಗೆ ಗೊತ್ತಿರುವಂಥದ್ದೇ. ಮಲ್ಲಟದವಳು, ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದಾಳೆ, ಮನೆಗೆ ಮೂರು ಎಕರೆ ಹೊಲ, ತಮ್ಮ ಪಿಯುಸಿ ಓದುತ್ತಿದ್ದಾನೆ. ಹುದ್ದೆ ಇರುವುದು ದೇವದುರ್ಗ ತಾಲೂಕಿನಲ್ಲಿ, ಇಪ್ಪತ್ತು ಹಳ್ಳಿಗಳ ಹದಿಹರೆಯದ ಹೆಣ್ಣುಮಕ್ಕಳ ಜೊತೆ ಕೆಲಸ.

ಮೊದಲ ಪ್ರಶ್ನೆ ಬರುತ್ತದೆ. ‘ಈ ಕೆಲಸಕ್ಕ ಯಾಕ ಬಂದ್ರಿ?’

ಉರುಹೊಡೆದ ಉತ್ತರ ಹೇಳಿದರೆ ಮರುಪ್ರಶ್ನೆಗೇ ಸಿಕ್ಕಿಬೀಳುತ್ತಾಳೆ. ‘ಸೇವೆ ಅಂದ್ರೆ ಯಾವ್ದು? ಯಾರಿಗೆ ಮಾಡಿದ್ರಿ?’ ಎಂದು ಕೇಳಿದರೆ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದ ಹೆಸರು ಹೊರಬರುತ್ತದೆ, ಅಲ್ಲಿಗೆ ದಾರಿ ಮುಗಿಯಿತು. ಅದರ ಬದಲು ಹೀಗೆ ಹೇಳಿದಳು ಎನ್ನಿ: ‘ನಾನು ಏಳನೇತ್ತೆ ಇದ್ದಾಗ ಹತ್ತಿ ಬಿಡಿಸೋ ಕಾಲಕ್ಕ ನಮ್ಮ ಬೆಂಚಿನಾಗ ನಾ ಒಬ್ಬಾಕೀನೇ ಉಳಿತಿದ್ದೆ. ಮೂರು ಮಂದಿ ಗೆಳತ್ಯಾರು ಹೊಲಕ್ಕ ಹೋಗ್ತಿದ್ರು. ಅದ್ರಾಗ ಇಬ್ರು ವಾಪಸ್ ಬರ್ಲೇ ಇಲ್ಲ.’ ಈಗ ಮೇಜಿನ ಆಚೆಯವರು ಪೆನ್ನು ಎತ್ತಿಕೊಳ್ಳುತ್ತಾರೆ. ಯಾಕೆಂದರೆ ಇದಕ್ಕೆ ಮುಂದಿನ ಪ್ರಶ್ನೆ ಇದೆ. ನೀವು ಹೇಗೆ ಉಳಿದಿರಿ? ಅವರ ಮನೆಗೆ ಹೋಗಿದ್ದಿರಾ? ಅವರಪ್ಪ ಏನಂದ? ನಡೆದದ್ದನ್ನು ಹೇಳುವವಳಿಗೆ ಮೂರನೇ ಮರುಪ್ರಶ್ನೆಗೆ ಹೆಚ್ಚು ನೆನಪಾಗುತ್ತದೆ, ಕಟ್ಟಿ ಹೇಳುವವಳಿಗೆ ಮೂರನೇ ಮರುಪ್ರಶ್ನೆಗೆ ಕಡಿಮೆಯಾಗುತ್ತದೆ. ನುರಿತ ಸಂದರ್ಶಕರು ನೋಡುವುದೇ ಇದನ್ನು.

ಇಲ್ಲಿ ಒಂದು ಎಚ್ಚರ ಬೇಕು. ಸಂಕಟದ ಕಥೆ ಇದ್ದವರಿಗೇ ಕೆಲಸ ಎಂದಾದರೆ ಸಂದರ್ಶನ ನಾಟಕವಾಗುತ್ತದೆ, ಅಭ್ಯರ್ಥಿಗಳು ಅದನ್ನೂ ಬೇಗ ಕಲಿಯುತ್ತಾರೆ. ‘ನನಗೆ ಮನೆ ಹತ್ತಿರ ಕೆಲಸ ಬೇಕಿತ್ತು, ಹಳ್ಳಿಯವರ ಜೊತೆ ಮಾತಾಡೋದು ನನಗೆ ಬರ್ತದ, ಅದಕ್ಕ ಬಂದೆ’ ಎನ್ನುವ ಉತ್ತರ ಕಳಪೆಯಲ್ಲ. ಮನೆ ಹತ್ತಿರ ಎನ್ನುವುದು ಇರುವುದಕ್ಕೆ ಎಲ್ಲಕ್ಕಿಂತ ಗಟ್ಟಿ ಕಾರಣ. ಬೆಂಗಳೂರಿನಿಂದ ಬಂದ ಪ್ಯಾನಲ್ಲು ಇದನ್ನು ‘ಪ್ರೇರಣೆಯ ಕೊರತೆ’ ಎಂದು ಬರೆದುಕೊಂಡರೆ ಕೊರತೆ ಪ್ಯಾನಲ್ಲಿನದು.

ಎರಡನೇ ಪ್ರಶ್ನೆಗೆ ಬಂದಾಗ ಕೋಣೆಯಲ್ಲಿ ಒಂದು ಸಣ್ಣ ಮುಜುಗರ ತುಂಬಿಕೊಳ್ಳುತ್ತದೆ. ‘ಪಗಾರ ಸಾಲ್ತೈತೇನ್ರಿ?’

‘ನನಗೆ ರೊಕ್ಕ ಮುಖ್ಯ ಅಲ್ಲ ಸರ್’ ಎಂದು ಹೇಳುವವರೇ ಹೆಚ್ಚು. ಕೇಳಲು ಚೆಂದ, ಆದರೆ ಅನುಭವಸ್ಥರಿಗೆ ಅದು ಅಪಾಯದ ಗಂಟೆ. ಲೆಕ್ಕ ಹಾಕದೆ ಬಂದವಳು ಮೂರನೇ ತಿಂಗಳಿಗೆ ಲೆಕ್ಕ ಹಾಕುತ್ತಾಳೆ, ನಾಲ್ಕನೇ ತಿಂಗಳಿಗೆ ಬೇರೆ ಕೆಲಸ ಹುಡುಕುತ್ತಾಳೆ. ಸಂಸ್ಥೆಗಳೂ ಇಲ್ಲಿ ಸಾಚಾ ಅಲ್ಲ. ‘ಸೇವಾ ಮನೋಭಾವ’ ಎಂಬ ಮಾತನ್ನು ಪಗಾರದ ಚೌಕಾಸಿಗೆ ಬಳಸುವುದು ಈ ವಲಯದ ಹಳೆಯ ಚಾಳಿ.

ನಮ್ಮ ಮಲ್ಲಟದ ಹುಡುಗಿಗೆ ‘ತಿಂಗಳಿಗೆ 21,800’ ಎಂದು ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ಇದು ಕೈಗೆ ಬರುವ ಮೊತ್ತವೋ, ಅವಳ ಮೇಲೆ ಸಂಸ್ಥೆ ಮಾಡುವ ಒಟ್ಟು ಖರ್ಚೋ? ‘ಸಿಟಿಸಿ’ ಎಂದರೆ ಎರಡನೆಯದು. 15,000 ಮೂಲ ವೇತನ, 5,000 ಇತರ ಭತ್ಯೆ, ಸೇರಿ 20,000. ಮೂಲ ವೇತನದ ಮೇಲೆ ನೂರಕ್ಕೆ 12ರಂತೆ ಸಂಸ್ಥೆ ಭವಿಷ್ಯನಿಧಿಗೆ ಕಟ್ಟುವ 1,800 ಸೇರಿಸಿದರೆ 21,800 ಆಗುತ್ತದೆ. ಅವಳ ಪಾಲಿನ 1,800 ಕೂಡ ಪಗಾರದಿಂದ ಕಡಿತವಾಗುತ್ತದೆ. ಕೈಗೆ ಬರುವುದು 18,200. ವೃತ್ತಿ ತೆರಿಗೆಯ ಕಾಟವಿಲ್ಲ, ಕರ್ನಾಟಕದಲ್ಲಿ 2023ರಿಂದ 25,000ಕ್ಕಿಂತ ಕಡಿಮೆ ಪಗಾರದವರಿಗೆ ಅದು ಇಲ್ಲ.

ಇನ್ನೊಂದು ಸಂಸ್ಥೆ ಅದೇ 21,800ನ್ನು ‘ಕನ್ಸಲ್ಟೆಂಟ್ ಫೀ’ ಎಂದು ಕೊಡುತ್ತದೆ ಎನ್ನಿ. ನೂರಕ್ಕೆ 10ರಂತೆ 2,180 ತೆರಿಗೆ ಮುರಿದುಕೊಂಡು 19,620 ಖಾತೆಗೆ ಹಾಕುತ್ತದೆ. ಮೇಲುನೋಟಕ್ಕೆ 1,420 ಹೆಚ್ಚು. ವರ್ಷಕ್ಕೊಮ್ಮೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಮುರಿದುಕೊಂಡದ್ದೂ ವಾಪಸು ಬರುತ್ತದೆ, ಇಷ್ಟು ಆದಾಯಕ್ಕೆ ತೆರಿಗೆಯೇ ಇಲ್ಲವಲ್ಲ. ಆದರೆ ಆ ದಾರಿಯಲ್ಲಿ ಭವಿಷ್ಯನಿಧಿ ಇಲ್ಲ, ಪಗಾರದ ರಜೆ ಇಲ್ಲ, ಹೆರಿಗೆ ರಜೆಯ ಮಾತಂತೂ ದೂರ. ನೇಮಕಾತಿ ಪತ್ರದಲ್ಲಿ ‘ಸಂಬಳ’ ಎಂದಿದೆಯೋ, ‘ಶುಲ್ಕ’ ಎಂದಿದೆಯೋ, ‘ಗೌರವಧನ’ ಎಂದಿದೆಯೋ ಎಂಬ ಒಂದೇ ಪದದಲ್ಲಿ ಇದೆಲ್ಲ ಅಡಗಿರುತ್ತದೆ. ‘ಗೌರವಧನ’ ಎನ್ನುವ ಪದದಲ್ಲಿ ಧನ ಎಷ್ಟಿರುತ್ತದೆಂದು ಅಂಗನವಾಡಿ, ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಸಾಕು.

ಖರ್ಚಿನ ಕಡೆ ಬರೋಣ. ದೇವದುರ್ಗದಲ್ಲಿ ಒಂದು ಕೋಣೆಗೆ 3,000, ಊಟಕ್ಕೆ 4,000, ಫೋನು, ಸಾಬೂನು, ಊರಿಗೆ ಹೋಗಿಬರುವ ಬಸ್ಸು ಸೇರಿ 2,000, ಮನೆಗೆ 5,000 ಎಂದು ಹಿಡಿದರೆ 14,000. ಉಳಿದದ್ದು 4,200. ಇದರೊಳಗೆ ಗಾಡಿ ಬರುತ್ತದೆ, ಲೆಕ್ಕ ಕೆಡುವುದು ಇಲ್ಲೇ. ಇಪ್ಪತ್ತು ಹಳ್ಳಿ ಸುತ್ತಬೇಕಾದರೆ ತಿಂಗಳಿಗೆ 900 ಕಿಲೋಮೀಟರು ಸುಲಭವಾಗಿ ಆಗುತ್ತದೆ. ಲೀಟರಿಗೆ 45 ಕಿಲೋಮೀಟರು ಕೊಡುವ ಗಾಡಿಗೆ 20 ಲೀಟರ್ ಪೆಟ್ರೋಲು, ಅಂದರೆ ಎರಡು ಸಾವಿರಕ್ಕೂ ಮೇಲೆ. ಎರೆಮಣ್ಣಿನ ದಾರಿಯಲ್ಲಿ ಟೈರು, ಸರ್ವೀಸು ಬೇರೆ. ಸಂಸ್ಥೆ ಕಿಲೋಮೀಟರಿಗೆ 4 ರೂಪಾಯಿ ಕೊಟ್ಟರೆ 3,600 ಬರುತ್ತದೆ, ಬದುಕಬಹುದು. ‘ಪ್ರಯಾಣ ಖರ್ಚು ಪಗಾರದಲ್ಲೇ ಸೇರಿದೆ’ ಎಂದರೆ ಉಳಿತಾಯದ ಅರ್ಧ ಟ್ಯಾಂಕಿಗೇ ಹೋಯಿತು. ಕೊಡುತ್ತಾರೆ, ಆದರೆ ಬಿಲ್ಲು ಪಾಸಾಗಲು ಎರಡು ತಿಂಗಳು ಎಂದರೆ ಅಷ್ಟು ದಿನ ಸಂಸ್ಥೆಗೆ ಅವಳೇ ಸಾಲ ಕೊಟ್ಟ ಹಾಗೆ.

ಆದ್ದರಿಂದ ‘ಸಾಲ್ತೈತೇನ್ರಿ?’ ಎಂಬುದಕ್ಕೆ ಅವಳು ಕೊಡಬಹುದಾದ ಉತ್ತರ ಇದು: ‘ನನ್ನ ಖರ್ಚು, ಮನೆ ಖರ್ಚು ಸೇರಿ ತಿಂಗಳಿಗೆ 14,000 ಬೇಕು. ಗಾಡಿ ಖರ್ಚು ಬ್ಯಾರೆ ಕೊಟ್ರ, ತಿಂಗಳ ತಿಂಗಳ ಕೊಟ್ರ, ಸಾಲ್ತೈತ್ರಿ. ಎರಡು ವರ್ಷ ಆದಮ್ಯಾಗ ತಮ್ಮ ಡಿಗ್ರಿಗೆ ಹೋಗ್ತಾನ, ಆವಾಗ ಸಾಲೂದಿಲ್ಲ. ಆಗ ಪಗಾರ ಏರ್ತೈತೇನ್ರಿ?’ ಇದರಲ್ಲಿ ದುರಾಸೆಯೂ ಇಲ್ಲ, ತ್ಯಾಗದ ಸೋಗೂ ಇಲ್ಲ. ಸಂಸ್ಥೆಗೂ ಒಂದು ವಿಷಯ ತಿಳಿಯುತ್ತದೆ: ಇವಳು ಎರಡು ವರ್ಷ ಇರುತ್ತಾಳೆ, ಮೂರನೇ ವರ್ಷ ಇವಳನ್ನು ಉಳಿಸಿಕೊಳ್ಳಲು ಏನು ಮಾಡಬೇಕೆಂಬುದೂ ಈಗಲೇ ಗೊತ್ತಾಯಿತು.

ಪಗಾರ ಯಾಕೆ ಇಷ್ಟಕ್ಕೇ ನಿಲ್ಲುತ್ತದೆ ಎನ್ನುವುದೂ ತಿಳಿದಿರಲಿ. ಹುದ್ದೆಯನ್ನು ಸೃಷ್ಟಿಸುವುದು ಸಾಮಾನ್ಯವಾಗಿ ಸಂಸ್ಥೆಯಲ್ಲ, ದಾನಿ ಕೊಟ್ಟ ಪ್ರಾಜೆಕ್ಟು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2 ಭಾಗವನ್ನು ಸಾಮಾಜಿಕ ಕೆಲಸಕ್ಕೆ ಇಡುತ್ತವೆ, ಆ ಹಣ ಹೆಚ್ಚಾಗಿ ಒಂದು ಅಥವಾ ಮೂರು ವರ್ಷದ ಅವಧಿಗೆ ಬರುತ್ತದೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಆಡಳಿತ ವೆಚ್ಚಕ್ಕೆ ಮೊದಲು ನೂರಕ್ಕೆ 50ರವರೆಗೆ ಬಳಸಬಹುದಿತ್ತು, 2020ರ ತಿದ್ದುಪಡಿ ಅದನ್ನು 20ಕ್ಕೆ ಇಳಿಸಿತು. ಹಾಗಾಗಿ ‘ಈ ಹುದ್ದೆಗೆ ಹಣ ಎಲ್ಲಿಂದ, ಯಾವತ್ತಿನ ತನಕ?’ ಎಂದು ಅಭ್ಯರ್ಥಿ ಕೇಳುವುದು ಅಧಿಕಪ್ರಸಂಗವಲ್ಲ. ಹತ್ತು ತಿಂಗಳಲ್ಲಿ ಮುಗಿಯುವ ಪ್ರಾಜೆಕ್ಟಿಗೆ ‘ಎಷ್ಟು ವರ್ಷ ಇರ್ತೀರಿ’ ಎಂದು ಕೇಳುವುದೇ ವಿಚಿತ್ರ.

ಮೂರನೇ ಪ್ರಶ್ನೆ ಕ್ಷೇತ್ರದ ಕಷ್ಟ. ರಾಯಚೂರಿನ ಬಿಸಿಲಿಗೆ ರಾಜ್ಯದಲ್ಲೇ ಹೆಸರಿದೆ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ‘ಬಿಸಿಲು ತಡಕೋತೀರೇನ್ರಿ?’ ಎಂದು ಮಲ್ಲಟದವಳನ್ನು ಕೇಳಿದರೆ ಅವಳಿಗೆ ನಗು ಬರಬೇಕು. ನಿಜವಾದ ಕಷ್ಟ ಬಿಸಿಲಿನಲ್ಲಿಲ್ಲ, ಗಡಿಯಾರದಲ್ಲಿದೆ.

ಹತ್ತಿ ಬಿಡಿಸುವ ಕಾಲದಲ್ಲಿ ದೇವದುರ್ಗದ ಹಳ್ಳಿಗೆ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಕಟ್ಟೆಯ ಮೇಲೆ ಮುದುಕರು, ಅಂಗಳದಲ್ಲಿ ಕೋಳಿಗಳು, ಅಷ್ಟೇ. ಹೆಣ್ಣುಮಕ್ಕಳು ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಟಂಟಂ ಏರಿ ಹೊಲಕ್ಕೆ ಹೋಗಿರುತ್ತಾರೆ. ಸಂಜೆ ಬಂದು, ನೀರು ತಂದು, ರೊಟ್ಟಿ ಬಡಿದು, ಮಕ್ಕಳಿಗೆ ಉಣಿಸಿ ಕೂರುವ ಹೊತ್ತಿಗೆ ರಾತ್ರಿ ಎಂಟು. ಸಂಘದ ಸಭೆ ಆಗುವುದಿದ್ದರೆ ಆಗಲೇ. ಅಷ್ಟರಲ್ಲಿ ತಾಲೂಕಿಗೆ ಮರಳುವ ಕೊನೆಯ ಬಸ್ಸು ಹೋಗಿರುತ್ತದೆ. ಸುಗ್ಗಿ ಮುಗಿದ ಮೇಲೆ ಹೋಗೋಣವೆಂದರೆ ಮನೆಗೆ ಬೀಗ, ಕುಟುಂಬ ಗುಳೆ ಹೋಗಿದೆ, ಬೆಂಗಳೂರಿನ ಯಾವುದೋ ಕಟ್ಟಡದ ನೆಲಮಾಳಿಗೆಯ ಶೆಡ್ಡಿನಲ್ಲಿದೆ.

ಒಳ್ಳೆಯ ಸಂದರ್ಶಕಿ ‘ಕಷ್ಟ ಪಡ್ತೀರಾ?’ ಎಂದು ಕೇಳುವುದಿಲ್ಲ, ಅದಕ್ಕೆ ‘ಹೂಂ’ ಎಂಬ ಒಂದೇ ಉತ್ತರವಿದೆ. ಅವಳು ಹೀಗೆ ಕೇಳುತ್ತಾಳೆ: ‘ಎಂಟಕ್ಕ ಮೀಟಿಂಗ್, ಬಸ್ ಇಲ್ಲ. ಏನ್ ಮಾಡ್ತೀರಿ?’ ‘ಹೆಂಗರ ಮಾಡಿ ಬರ್ತೀನಿ ಮೇಡಂ’ ಎನ್ನುವುದು ಹುಮ್ಮಸ್ಸಿನ ಉತ್ತರ, ಯೋಜನೆಯ ಉತ್ತರವಲ್ಲ. ಈ ನೆಲ ಗೊತ್ತಿದ್ದವಳು ಬೇರೆ ದಾರಿ ಹುಡುಕುತ್ತಾಳೆ. ‘ಅಮಾಸಿ ದಿನ ಎತ್ತು ಹೂಡಂಗಿಲ್ಲ, ಭಾಳ ಮಂದಿ ಮನ್ಯಾಗ ಇರ್ತಾರ. ಅವತ್ತ ದೊಡ್ಡ ಮೀಟಿಂಗ್ ಇಡ್ತೀನಿ. ಉಳಿದ ದಿನ ರಾತ್ರಿನೇ ಮಾಡಬೇಕಂದ್ರ ಒಂದು ಊರಾಗ ಸಂಘದವ್ರ ಮನ್ಯಾಗ ಉಳಿದು, ಮುಂಜಾನಿ ಎದ್ದು ಪಕ್ಕದ ಎರಡು ಊರು ಮುಗಿಸಿ ಬರ್ತೀನಿ.’ ಈ ಮಾತು ಆಡಿದವಳಿಗೆ ಪ್ರೇರಣೆಯ ಪ್ರಶ್ನೆ ಮತ್ತೆ ಕೇಳುವ ಅಗತ್ಯವಿಲ್ಲ.

ಉಳಿಯುವುದು ಎಂದೊಡನೆ ಇನ್ನೊಂದು ಎಳೆ ಬಿಚ್ಚಿಕೊಳ್ಳುತ್ತದೆ. ಯಾರ ಮನೆಯಲ್ಲಿ? ದೇವದುರ್ಗದಲ್ಲಿ ಕೋಣೆ ಕೇಳಲು ಹೋದರೆ ಬಾಡಿಗೆಗಿಂತ ಮೊದಲು ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಬರಬಹುದು. ಹಳ್ಳಿಯಲ್ಲಿ ಕಾರ್ಯಕರ್ತೆ ಮೊದಲ ದಿನ ಯಾರ ಮನೆಯ ನೀರು ಕುಡಿದಳು ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಯಾವ ಕೇರಿಯವರು ಅವಳ ಸಭೆಗೆ ಬರುತ್ತಾರೆ ಎನ್ನುವುದು ಅದರಿಂದಲೇ ನಿರ್ಧಾರವಾಗುತ್ತದೆ. ಸಂದರ್ಶನದಲ್ಲಿ ಇದನ್ನು ಬಾಯಿಬಿಟ್ಟು ಕೇಳುವ ಸಂಸ್ಥೆಗಳು ಕಡಿಮೆ. ಕೇಳಬೇಕು. ದಲಿತ ಹುಡುಗಿಯೊಬ್ಬಳನ್ನು ನೇಮಿಸಿ, ಕೋಣೆ ಹುಡುಕುವ ಅವಮಾನವನ್ನು ಅವಳ ಪಾಲಿಗೇ ಬಿಟ್ಟು, ಬಳಿಕ ‘ಹೊಂದಿಕೊಳ್ಳಲಿಲ್ಲ’ ಎಂದು ಕಡತದಲ್ಲಿ ಬರೆಯುವುದು ನ್ಯಾಯವಲ್ಲ.

ಕೆಲವು ಪ್ಯಾನಲ್ಲುಗಳು ಕೊನೆಯಲ್ಲಿ ಒಂದು ಸನ್ನಿವೇಶ ಇಡುತ್ತವೆ, ಅದು ಹೀಗಿರಬಹುದು. ‘ನೀವು ರಾತ್ರಿ ಉಳಕೊಳ್ಳೋ ಮನಿಯವನದೇ ಮಗಳು. ಹದಿನಾರು ವರ್ಷ. ಬರೋ ಶುಕ್ರವಾರ ಮದುವಿ. ಏನ್ ಮಾಡ್ತೀರಿ?’ ಪುಸ್ತಕ ಓದಿ ಬಂದವಳು ಕೂಡಲೇ 1098ಕ್ಕೆ ಫೋನ್ ಮಾಡುತ್ತೇನೆ ಎನ್ನುತ್ತಾಳೆ. ಮಕ್ಕಳ ಸಹಾಯವಾಣಿ ಅದೇ, ಉತ್ತರ ತಪ್ಪಲ್ಲ. ಆದರೆ ಕರೆ ಮಾಡಿದವಳು ಯಾರೆಂದು ಊರಿಗೆ ತಿಳಿದರೆ ಇಪ್ಪತ್ತು ಹಳ್ಳಿಗಳಲ್ಲಿ ಅವಳಿಗೆ ಬಾಗಿಲು ಮುಚ್ಚಬಹುದು. ‘ಅಪ್ಪನಿಗೆ ತಿಳಿಸಿ ಹೇಳುತ್ತೇನೆ’ ಎಂದಷ್ಟೇ ಹೇಳಿ ನಿಲ್ಲಿಸುವವಳು ಶುಕ್ರವಾರ ಎಷ್ಟು ಹತ್ತಿರವಿದೆ ಎಂಬುದನ್ನು ಮರೆತಿದ್ದಾಳೆ. ಮೂರನೆಯವಳು ಮೊದಲು ಎದುರು ಪ್ರಶ್ನೆ ಕೇಳುತ್ತಾಳೆ: ‘ಹುಡುಗಿ ಏನಂತಾಳ್ರಿ?’ ಆಮೇಲೆ ಹೇಳುತ್ತಾಳೆ, ಹುಡುಗಿಯ ಜೊತೆ ಒಬ್ಬಳೇ ಮಾತಾಡುತ್ತೇನೆ, ಅದೇ ದಿನ ನನ್ನ ಮೇಲಿನವರಿಗೆ ತಿಳಿಸುತ್ತೇನೆ, ಬಾಲ್ಯವಿವಾಹ ತಡೆಯುವ ಅಧಿಕಾರ ಇರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಸಂಸ್ಥೆಯಿಂದಲೇ ಸುದ್ದಿ ಹೋಗಬೇಕು, ನನ್ನ ಹೆಸರು ಹೊರಗೆ ಬರಬಾರದು. ಮದುವೆ ನಿಲ್ಲಿಸುವುದನ್ನೂ ಊರಿನಲ್ಲಿ ಕೆಲಸ ಉಳಿಸಿಕೊಳ್ಳುವುದನ್ನೂ ಒಟ್ಟಿಗೆ ಯೋಚಿಸಿದವಳು ಇವಳೊಬ್ಬಳೇ. ಇವಳು ಹೇಳಿದ್ದರಲ್ಲಿ ಸಂಸ್ಥೆಗೂ ಒಂದು ಸವಾಲಿದೆ: ಮೇಲಿನವರು ಫೋನ್ ಎತ್ತುತ್ತಾರೆಯೇ?

ಹೆಣ್ಣು ಅಭ್ಯರ್ಥಿಗಳಿಗೆ ಮಾತ್ರ ಮೀಸಲಾದ ನಾಲ್ಕನೇ ಪ್ರಶ್ನೆಯೊಂದಿದೆ. ‘ಮದುವಿ ಆದಮ್ಯಾಗ ಏನ್ರಿ?’ ಜೊತೆಗೆ ಬಂದ ಹುಡುಗನಿಗೆ ಅದೇ ಪ್ಯಾನಲ್ಲು ‘ಪೊಲೀಸ್ ಕಾನ್‌ಸ್ಟೆಬಲ್ ಅರ್ಜಿ ಹಾಕಿದ್ದೀರಾ?’ ಎಂದು ಕೇಳುವುದಿಲ್ಲ. ಸರ್ಕಾರಿ ನೌಕರಿಯ ಆದೇಶ ಬಂದ ದಿನವೇ ಬಿಟ್ಟು ಹೋಗುವ ಗಂಡುಮಕ್ಕಳು ಮಾತ್ರ ಈ ಭಾಗದಲ್ಲಿ ಕಡಿಮೆಯಿಲ್ಲ, 371ಜೆ ಮೀಸಲಾತಿ ಬಂದ ಮೇಲೆ ಆ ಆಸೆಗೆ ಆಧಾರವೂ ಇದೆ. ನಿಜವಾಗಿ ತಿಳಿಯಬೇಕಿದ್ದರೆ ಗಂಡು ಹೆಣ್ಣು ಇಬ್ಬರಿಗೂ ಒಂದೇ ಪ್ರಶ್ನೆ ಸಾಕು: ಎರಡು ವರ್ಷ ಇರುವುದಕ್ಕೆ ಏನು ಅಡ್ಡ ಬರಬಹುದು? ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಮದುವೆಯ ಬಗ್ಗೆ ಕೇಳುವ ಸಂಸ್ಥೆಯನ್ನು ಆ ಸಮಿತಿಯ ಬಗ್ಗೆ ಕೇಳಿ ನೋಡಬೇಕು.

ಮುಕ್ಕಾಲು ಗಂಟೆಯ ಮಾತಿನಲ್ಲಿ ಎಲ್ಲ ತಿಳಿಯುವುದಿಲ್ಲ ಎನ್ನುವುದು ಈ ವಲಯದ ಹಿರಿಯ ಸಂಸ್ಥೆಗಳಿಗೆ ಗೊತ್ತು. 1983ರಲ್ಲಿ ಆರಂಭವಾದ ‘ಪ್ರದಾನ್’ ಹೊಸಬರನ್ನು ಮೊದಲು ಅಪ್ರೆಂಟಿಸ್ ಆಗಿ ಹಳ್ಳಿಗೆ ಕಳಿಸುತ್ತದೆ, ಇರುವುದೋ ಬಿಡುವುದೋ ಎಂದು ಆಮೇಲೆ ಅವರೂ ಸಂಸ್ಥೆಯೂ ತೀರ್ಮಾನಿಸುತ್ತಾರೆ. ಸಣ್ಣ ಸಂಸ್ಥೆಗಳಿಗೆ ಅಷ್ಟು ಕಾಲಾವಕಾಶವಿಲ್ಲ. ಆದರೂ ಎರಡು ದಿನ ಹಳೆಯ ಕಾರ್ಯಕರ್ತೆಯ ಜೊತೆ ಸುತ್ತಿಸಿ, ಒಂದು ರಾತ್ರಿ ಹಳ್ಳಿಯಲ್ಲಿ ಇರಿಸಿದರೆ ಸಾಕು, ಇಬ್ಬರ ಭ್ರಮೆಯೂ ಇಳಿಯುತ್ತದೆ. ಶೌಚಾಲಯ ಎಲ್ಲಿದೆ, ಕುಡಿಯುವ ನೀರಿನ ರುಚಿ ಹೇಗಿದೆ, ಫೋನಿಗೆ ಸಿಗ್ನಲ್ಲು ಯಾವ ಮಾಳಿಗೆ ಏರಿದರೆ ಸಿಗುತ್ತದೆ ಎಂಬುದೆಲ್ಲ ಆ ಒಂದು ರಾತ್ರಿಯಲ್ಲಿ ತಿಳಿಯುತ್ತದೆ. ಆ ಎರಡು ದಿನದ ಕೂಲಿಯನ್ನು ಮಾತ್ರ ಸಂಸ್ಥೆ ಕೊಡಬೇಕು.

ಕಡೆಗೆ ಪ್ಯಾನಲ್ಲಿನವರು ಕಾಗದ ಜೋಡಿಸಿಕೊಳ್ಳುತ್ತ ವಾಡಿಕೆಯಂತೆ ಕೇಳುತ್ತಾರೆ, ‘ನೀವೇನರ ಕೇಳೋದೈತೇನ್ರಿ?’ ಇಲ್ಲ ಎಂದು ಎದ್ದು ಹೋಗುವವರೇ ಹೆಚ್ಚು. ಮಲ್ಲಟದ ಹುಡುಗಿ ಫೈಲನ್ನು ಮಡಿಲಿಗೆ ಎಳೆದುಕೊಂಡು ಕೇಳುತ್ತಾಳೆ: ‘ನನಗಿಂತ ಮೊದಲು ಈ ಕೆಲಸದಾಗ ಇದ್ದಾಕಿ ಯಾಕ ಬಿಟ್ಲು?’

‘ಮದುವಿ ಆತು’ ಎಂದು ಥಟ್ಟನೆ ಹೇಳಿ ಮುಗಿಸಬಹುದು. ‘ಅದೇನೋ ವೈಯಕ್ತಿಕ ಕಾರಣ’ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬಹುದು. ‘ಗಾಡಿ ಬಿಲ್ಲು ನಾಲ್ಕು ತಿಂಗಳು ಬಾಕಿ ಇತ್ತು, ತಪ್ಪು ನಮ್ಮದು, ಈಗ ಪ್ರತಿ ತಿಂಗಳು ಹತ್ತನೇ ತಾರೀಖಿನೊಳಗೆ ಕೊಡ್ತೀವಿ, ಬೇಕಾದ್ರ ಆಕಿ ನಂಬರ್ ಕೊಡ್ತೀವಿ, ಮಾತಾಡಿ ನೋಡ್ರಿ’ ಎಂದೂ ಹೇಳಬಹುದು. ದೇವದುರ್ಗಕ್ಕೆ ಗಂಟುಮೂಟೆ ಕಟ್ಟುವ ಮುಂಚೆ ಅವಳು ಆ ನಂಬರಿಗೆ ಒಂದು ಕರೆ ಮಾಡುತ್ತಾಳೆ.